ಅಣಬೆ ಚೀಲದ ಹಸಿರು ಬೂಸ್ಟು ಎಲ್ಲಿಂದ ಶುರುವಾಯಿತು?

ಪ್ರಶ್ನೆ: ಸರ್, ನಾನು ಭದ್ರಾವತಿ ಹತ್ತಿರದ ಹಳ್ಳಿಯವಳು. ಮನೆ ಹಿಂದಿನ 10x12 ಅಡಿ ಶೀಟಿನ ಕೋಣೆಯಲ್ಲಿ ಭತ್ತದ ಹುಲ್ಲಿನ ಮೇಲೆ ಚಿಪ್ಪು ಅಣಬೆ ಬೆಳೆಯುತ್ತಿದ್ದೇನೆ. ಮೊದಲ ಸಲ 30 ಚೀಲಕ್ಕೆ 32 ಕೆಜಿ ಬಂತು. ಆಮೇಲೆ ಖರ್ಚು ಉಳಿಸೋಣ ಅಂತ ತಂದ ಬೀಜದಿಂದಲೇ, ಕುಕ್ಕರಿನಲ್ಲಿ ಬೇಯಿಸಿದ ಜೋಳದ ಮೇಲೆ ಅಣಬೆಯ ಎಳೆ ಹಬ್ಬಿಸಿ, ಬೀಜ ಮಾಡಿಕೊಂಡೆ. ಎರಡನೇ ಸಲ ಪರವಾಗಿಲ್ಲ. ಮೂರನೇ ಸಲ 80 ಕೆಜಿ ಹುಲ್ಲಿಗೆ 40 ಚೀಲ ಹಾಕಿದೆ, 17 ಚೀಲ ಹಸಿರಾದವು. ಹುಲ್ಲನ್ನು ಕುದಿಯುವ ನೀರಲ್ಲಿ ಅರ್ಧ ಗಂಟೆ ಬೇಯಿಸಿದ್ದೆ. ಒಂದೊಂದು ಚೀಲ 7 ಕೆಜಿ ತೂಗುತ್ತೆ, 100 ಗ್ರಾಂ ಬೀಜ ಹಾಕಿದ್ದೇನೆ. ಕೋಣೆಗೆ ಏನು ಔಷಧಿ ಹೊಡೆಯಬೇಕು? ಫೋಟೊ ಕಳಿಸಿದ್ದೇನೆ.

ಉತ್ತರ: ಔಷಧಿ ವಿಷಯ ಕೊನೆಗೆ ನೋಡೋಣ. ನೀವು ಕಳಿಸಿದ ಫೋಟೊಗಳಲ್ಲೇ ಅರ್ಧ ಉತ್ತರ ಇದೆ.

17 ಚೀಲಗಳ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಹನ್ನೆರಡರಲ್ಲಿ ಹಸಿರು ಬಳೆಯ ಹಾಗೆ ಚೀಲದ ಸುತ್ತ ಕಾಣುತ್ತದೆ. ಆ ಬಳೆಗಳು ಸರಿಯಾಗಿ ನೀವು ಬೀಜ ಉದುರಿಸಿದ ಪದರದಲ್ಲೇ ಇವೆ. ಉಳಿದ ಐದರಲ್ಲಿ ಹಸಿರು ತಳದ ಮೂಲೆಯಲ್ಲಿದೆ, ಅಲ್ಲೇ ಕಂದು ನೀರೂ ನಿಂತಿದೆ. ಚೀಲಕ್ಕೆ ತೂತು ಹಾಕಿದ ಕಡೆ ಶುರುವಾದದ್ದು ಒಂದೂ ಕಾಣಲಿಲ್ಲ.

ಹಸಿರು ಬೂಸ್ಟು ಅಂದರೆ ಟ್ರೈಕೋಡರ್ಮಾ. ಅಡಿಕೆ, ಮೆಣಸಿನ ಬುಡಕ್ಕೆ ಹಾಕಲು ಪ್ಯಾಕೆಟ್ಟಿನಲ್ಲಿ ತರುತ್ತೀರಲ್ಲ, ಅದರದ್ದೇ ಬಳಗ. ತೋಟದಲ್ಲಿ ಬೇರೆ ಶಿಲೀಂಧ್ರಗಳನ್ನು ತಿಂದು ನಮಗೆ ಉಪಕಾರ ಮಾಡುವುದು ಅಣಬೆ ಚೀಲದಲ್ಲೂ ಅದೇ ಕೆಲಸ ಮಾಡುತ್ತದೆ. ಅಣಬೆಯೂ ಶಿಲೀಂಧ್ರವೇ ಅಲ್ವಾ? ಟ್ರೈಕೋಡರ್ಮಾದ ಬೀಜಕಣ ಗಾಳಿಯಲ್ಲಿ, ಮಣ್ಣಿನಲ್ಲಿ, ಒಣಹುಲ್ಲಿನ ದೂಳಿನಲ್ಲಿ ಎಲ್ಲ ಕಡೆ ಇರುತ್ತದೆ. ಪೂರ್ತಿ ಇಲ್ಲದಂತೆ ಮಾಡಲು ಆಗುವುದಿಲ್ಲ. ಹುಲ್ಲನ್ನು ಅಣಬೆಯ ಬಿಳಿ ಎಳೆ ಮೊದಲು ಹಿಡಿಯುತ್ತದೋ ಇದು ಹಿಡಿಯುತ್ತದೋ ಅನ್ನುವುದಷ್ಟೇ ಪ್ರಶ್ನೆ.

ಹಾಗಾಗಿ ಚೀಲ ಹಸಿರಾದಾಗ ನಾನು ಕೇಳುವುದು ಎರಡೇ. ಎಲ್ಲಿ ಶುರುವಾಯಿತು? ಎಷ್ಟನೇ ದಿನ? ಬೀಜದ ಪದರದಲ್ಲೇ ಮೊದಲ ವಾರ, ಹತ್ತು ದಿನದೊಳಗೆ ಬಂದರೆ ಬೀಜದ ಮೇಲೆ ಅನುಮಾನ. ಪದರದ ಹಂಗಿಲ್ಲದೆ ಹುಲ್ಲಿನ ನಡುನಡುವೆ ಅಲ್ಲಲ್ಲಿ ಎದ್ದು, ಒಂದೇ ದಿನ ತುಂಬಿದ ಚೀಲಗಳಲ್ಲೆಲ್ಲ ಕಂಡರೆ ಹುಲ್ಲು ಬೇಯಿಸಿದ್ದು ಸರಿ ಆಗಿಲ್ಲ. ತಳದಲ್ಲಿ ಹುಳಿ ವಾಸನೆಯ ಜೊತೆ ಬಂದರೆ ನೀರು ಜಾಸ್ತಿ. ಎರಡು ವಾರ ಕಳೆದ ಮೇಲೆ ತೂತಿನ ಬಾಯಲ್ಲೋ ಚೀಲ ಕಟ್ಟಿದ ಜಾಗದಲ್ಲೋ ಬಂದರೆ ಕೋಣೆ, ಕೈ, ನುಸಿ ಇವುಗಳ ಕೆಲಸ. ಎರಡು ಕೊಯ್ಲು ಮುಗಿದ ಚೀಲ ಹಸಿರಾದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹುಲ್ಲಿನ ಸತ್ವ ಮುಗಿದಿದೆ, ತೆಗೆದು ಹೊರಗೆ ಹಾಕಬೇಕು ಅಷ್ಟೆ.

ಈ ಲೆಕ್ಕದಲ್ಲಿ ನಿಮ್ಮ ಮೊದಲ ತಪ್ಪು ಬೀಜದ್ದು, ಎರಡನೆಯದು ನೀರಿನದು. ಕೋಣೆಗೆ ಏನು ಹೊಡೆದರೂ ಈ ಎರಡೂ ಸರಿಯಾಗುತ್ತಿರಲಿಲ್ಲ.

ಬೀಜದಿಂದಲೇ ಶುರು ಮಾಡುತ್ತೇನೆ. ನೀವು ಅಂಗಡಿಯಿಂದ ತಂದ ಪೊಟ್ಟಣ ಚೀಲಕ್ಕೆ ಹಾಕಲು ಮಾಡಿದ ಬೀಜ. ಪ್ರಯೋಗಾಲಯದಲ್ಲಿ ಮೊದಲು ಶುದ್ಧ ಕಲ್ಚರ್, ಅಂದರೆ ಬೇರೇನೂ ಬೆರೆಯದೆ ಬೆಳೆಸಿದ ಅಣಬೆಯ ಎಳೆ, ಇರುತ್ತದೆ. ಅದರಿಂದ ಮದರ್ ಸ್ಪಾನ್, ಅಂದರೆ ತಾಯಿ ಬೀಜ. ತಾಯಿ ಬೀಜದಿಂದ ಈ ಪೊಟ್ಟಣ. ನೀವು ಪೊಟ್ಟಣದಿಂದ ಮತ್ತೆ ಬೀಜ ಮಾಡಿದಿರಿ, ಮೂರನೇ ಸಲಕ್ಕೆ ಬಹುಶಃ ನಿಮ್ಮದೇ ಬೀಜದಿಂದ ಇನ್ನೊಮ್ಮೆ ಮಾಡಿದ್ದೀರಿ. ಪ್ರತಿ ಸಲ ಮುಚ್ಚಳ ತೆಗೆದಾಗ ಒಂದಿಷ್ಟು ಕೊಳೆ ಒಳಗೆ ಹೋಗುತ್ತದೆ. ಅದು ಮುಂದಿನ ಬಾಟಲಿಗೆ ಹೋಗಿ ಅಲ್ಲಿ ಬೆಳೆಯುತ್ತದೆ. ಎಳೆಯ ಕಸುವೂ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆ. ಮನೆಯಲ್ಲಿ ಬೀಜ ಮಾಡಲೇಬೇಕು ಅಂದರೆ ತಾಯಿ ಬೀಜ ತಂದು ಅದರಿಂದ ಒಂದೇ ಪೀಳಿಗೆ ಮಾಡಿ, ಅಲ್ಲಿಗೆ ನಿಲ್ಲಿಸಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ ಸಿಗುತ್ತದೆ. ಹೊರಡುವ ಮೊದಲು ಫೋನ್ ಮಾಡಿ ತಾಯಿ ಬೀಜ ಬೇಕು ಎಂದೇ ಹೇಳಿ ವಿಚಾರಿಸಿಕೊಳ್ಳಿ.

ಇನ್ನೊಂದು ಮೋಸ ಇದೆ. ಟ್ರೈಕೋಡರ್ಮಾ ಹುಟ್ಟುವಾಗ ಹಸಿರಾಗಿರುವುದಿಲ್ಲ. ಮೊದಲು ಬಿಳಿಯಾಗಿಯೇ ಹಬ್ಬುತ್ತದೆ, ಮೂರು ನಾಲ್ಕು ದಿನ ಬಿಟ್ಟು ಬೀಜಕಣ ಬಿಡುವಾಗ ಹಸಿರಾಗುತ್ತದೆ. ಬಾಟಲಿ ಪೂರ್ತಿ ಬೆಳ್ಳಗಾಯಿತು ಅಂತ ಅವತ್ತೇ ಚೀಲಕ್ಕೆ ಹಾಕಿದರೆ ಎರಡು ಬಿಳಿಗಳಲ್ಲಿ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ನಾನು ಬಾಟಲಿ ತುಂಬಿದ ಮೇಲೂ ನಾಲ್ಕೈದು ದಿನ ಸುಮ್ನೆ ಇಡುತ್ತೇನೆ. ಕೆಟ್ಟದ್ದು ಅಷ್ಟರಲ್ಲಿ ತಾನೇ ಬಣ್ಣ ತೋರಿಸುತ್ತದೆ.

ಕುಕ್ಕರಿನಲ್ಲಿ ಬೀಜ ಮಾಡುವ ಕ್ರಮ ಹೀಗೆ. ಬಿಳಿ ಜೋಳ ತೆಗೆದುಕೊಳ್ಳಿ. ಹುಳ ಬಿದ್ದದ್ದು, ಒಡೆದದ್ದು, ಔಷಧಿ ಹಚ್ಚಿದ ಬಿತ್ತನೆ ಜೋಳ ಬೇಡ. ತೊಳೆದು ರಾತ್ರಿಯಿಡೀ ನೆನೆಸಿ. ಕಾಳಿನ ಮೇಲೆ ಕೆಲವು ಬ್ಯಾಕ್ಟೀರಿಯಾ ಗಟ್ಟಿ ಕವಚದೊಳಗೆ ಮಲಗಿರುತ್ತವೆ, ಆ ಸ್ಥಿತಿಯಲ್ಲಿ ಅವು ಬಿಸಿಗೆ ಬೇಗ ಜಗ್ಗುವುದಿಲ್ಲ. ನೆನೆಸಿದಾಗ ಎಷ್ಟೋ ಎಚ್ಚರವಾಗುತ್ತವೆ, ಆಮೇಲಿನ ಬಿಸಿಗೆ ಸಾಯುತ್ತವೆ. ಬೆಳಿಗ್ಗೆ ನೀರು ಬದಲಿಸಿ ಇಪ್ಪತ್ತು ಮೂವತ್ತು ನಿಮಿಷ ಬೇಯಿಸಿ. ಬೆರಳಿನಲ್ಲಿ ಒತ್ತಿದರೆ ಕಾಳು ಮೆತ್ತಗಾಗಬೇಕು, ಸಿಪ್ಪೆ ಒಡೆಯಬಾರದು. ಒಡೆದ ಕಾಳಿನ ಹಿಟ್ಟು ಹೊರಬಂದು ಅಂಟಾಗುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಹಬ್ಬದೂಟ.

ಬೆಂದ ಕಾಳನ್ನು ಬಸಿದು, ತೊಳೆದ ಬಟ್ಟೆಯ ಮೇಲೆ ನೆರಳಲ್ಲಿ ಹರಡಿ. ಮೇಲ್ಮೈಯ ಪಸೆ ಆರಬೇಕು. ಒಂದು ಹಿಡಿ ತೆಗೆದು ಬಿಳಿ ಕಾಗದದ ಮೇಲೆ ಹಾಕಿ ಎತ್ತಿದರೆ ಕಾಗದದಲ್ಲಿ ಒದ್ದೆ ಗುರುತು ಉಳಿಯಬಾರದು. ಒಂದು ಕೆಜಿ ಒಣ ಜೋಳ ಬೇಯಿಸಿದ್ದರೆ 20 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸೀಮೆಸುಣ್ಣದಂಥ ಬಿಳಿ ಪುಡಿ, ಬೆರೆಸಿ. ಕಾಳು ಒಂದಕ್ಕೊಂದು ಅಂಟುವುದಿಲ್ಲ, ಹುಳಿಯಾಗುವುದೂ ಕಮ್ಮಿ. ಗಾಜಿನ ಬಾಟಲಿಗೋ ಪಾಲಿಪ್ರೊಪಿಲೀನ್ ಚೀಲಕ್ಕೋ ಮುಕ್ಕಾಲಿಗಿಂತ ಕಮ್ಮಿ ತುಂಬಿ. ಸಾದಾ ಪಾಲಿಥೀನ್ ಆ ಬಿಸಿಗೆ ಕರಗುತ್ತದೆ. ಬಾಯಿಗೆ ನೀರು ಹೀರದ ಹತ್ತಿಯ ಬಿರಡೆ ಬಿಗಿಯಾಗಿ ಒತ್ತಿ, ಅದರ ಮೇಲೆ ಕಾಗದ ಮುಚ್ಚಿ ದಾರ ಕಟ್ಟಿ. ಔಷಧಿ ಅಂಗಡಿಯ ಗಾಯಕ್ಕೆ ಹಾಕುವ ಹತ್ತಿ ಬೇಡ, ಅದು ನೀರು ಕುಡಿಯುತ್ತದೆ.

ಈ ಬಿರಡೆ ವಿಷಯದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಶುರುವಿನ ದಿನಗಳಲ್ಲಿ ಆತುರಕ್ಕೆ ಕುಕ್ಕರಿನ ವೆಯ್ಟ್ ಎತ್ತಿ ಆವಿ ಬಿಟ್ಟುಬಿಟ್ಟೆ. ಒಳಗಿನ ಬಾಟಲಿಗಳು ಉಕ್ಕಿ ಹತ್ತಿಯೆಲ್ಲ ಗಂಜಿಯಲ್ಲಿ ನೆನೆಯಿತು. ಪರವಾಗಿಲ್ಲ ಅಂದುಕೊಂಡು ಬೀಜ ಹಾಕಿದೆ. ಐದನೇ ದಿನ ಬಿರಡೆಗಳ ಮೇಲೆ ಕಿತ್ತಳೆ ಬಣ್ಣದ ಪುಡಿ. ಅದು ನ್ಯೂರೋಸ್ಪೋರಾ. ಹಸಿರಿಗಿಂತ ಜೋರಾಗಿ ಹಬ್ಬುತ್ತದೆ, ಮುಟ್ಟಿದರೆ ಹೊಗೆಯ ಹಾಗೆ ಏಳುತ್ತದೆ. ಆ ಕಪಾಟಿನ ಬಾಟಲಿ ಒಂದೂ ಉಳಿಯಲಿಲ್ಲ. ಕಿತ್ತಳೆ ಕಂಡರೆ ಒದ್ದೆ ಬಟ್ಟೆಯನ್ನು ಮೆಲ್ಲಗೆ ಮೇಲೆ ಹಾಕಿ, ಹಾಗೆಯೇ ಸುತ್ತಿ ಹೊರಗೆ ಒಯ್ದು ಸುಡಿ.

ಕುಕ್ಕರಿನಲ್ಲಿ ಪೂರ್ತಿ ಒತ್ತಡ ಬಂದ ಮೇಲೆ ಎರಡು ಗಂಟೆ ಬೇಕು. ಅನ್ನದ ಲೆಕ್ಕದಲ್ಲಿ ನಾಲ್ಕು ಕೂಗು ಹಾಕಿಸಿದರೆ ಸಾಲದು. ತಳದಲ್ಲಿ ಜಾಲರಿ ಇಟ್ಟು, ಬಾಟಲಿ ನೀರಿಗೆ ಮುಳುಗದಂತೆ ಇಡಿ. ಮೊದಲ ಕೂಗಾದ ಮೇಲೆ ಉರಿ ಸಣ್ಣ ಮಾಡಿ, ವೆಯ್ಟ್ ಮೆಲ್ಲಗೆ ಸುಸ್ ಅನ್ನುತ್ತಿದ್ದರೆ ಸಾಕು. ಜೋರು ಉರಿಯಲ್ಲಿ ಎರಡು ಗಂಟೆ ಬಿಟ್ಟರೆ ನೀರು ಆರಿ ಕುಕ್ಕರ್ ಸುಡುತ್ತದೆ. ಬೇಕಾದರೆ ಒಮ್ಮೆ ಬರೀ ನೀರು ಹಾಕಿ ನಿಮ್ಮ ಕುಕ್ಕರಿನಲ್ಲಿ ಎರಡು ಗಂಟೆಗೆ ಎಷ್ಟು ಆರುತ್ತದೆ ನೋಡಿಕೊಳ್ಳಿ. ಆಮೇಲೆ ಮುಚ್ಚಳ ತೆಗೆಯದೆ ರಾತ್ರಿಯಿಡೀ ಆರಲು ಬಿಡಿ.

ತಾಯಿ ಬೀಜ ಹಾಕುವಾಗ ಫ್ಯಾನ್ ಬೇಡ, ಕಿಟಕಿ ಮುಚ್ಚಿ, ಅಡುಗೆಮನೆಯಲ್ಲಂತೂ ಬೇಡವೇ ಬೇಡ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನು ಮಗ್ಗುಲಾಗಿ ಮಲಗಿಸಿ, ಒಳಗೆ ಸ್ಪಿರಿಟ್ಟಿನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಅದರೊಳಗೆ ಕೈ ಹಾಕಿ ಕೆಲಸ ಮಾಡಿ. ದೀಪ ಹಚ್ಚಿಕೊಳ್ಳುವವರು ಸ್ಪಿರಿಟ್ ಇನ್ನೂ ಹಸಿ ಇರುವಾಗ ಹಚ್ಚಬೇಡಿ. ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ. ಒಂದು ಬಾಟಲಿಗೆ ಎರಡು ಚಮಚದಷ್ಟು ತಾಯಿ ಬೀಜ ಸಾಕು. 25 ಡಿಗ್ರಿ ಆಸುಪಾಸಿನಲ್ಲಿಟ್ಟರೆ ಎರಡು ವಾರದಲ್ಲಿ ತುಂಬುತ್ತದೆ. ಐದಾರನೇ ದಿನ ಬಾಟಲಿಯನ್ನು ಒಮ್ಮೆ ಅಲುಗಿಸಿದರೆ ಎಳೆ ಎಲ್ಲ ಕಡೆ ಹಂಚಿಕೊಂಡು ಬೇಗ ಹಬ್ಬುತ್ತದೆ. ಒಳ್ಳೆಯ ಬೀಜಕ್ಕೆ ಹಸಿ ಅಣಬೆಯ ವಾಸನೆ. ಹುಳಿ ವಾಸನೆ ಬಂದರೆ, ಕಾಳು ಜಾರುತ್ತಿದ್ದರೆ, ಎಲ್ಲೋ ಒಂದು ಕಡೆ ಬಿಳಿ ಹತ್ತದೆ ಕಾಳು ಒದ್ದೆಯಾಗಿ ಕೂತಿದ್ದರೆ ಆ ಬಾಟಲಿ ಬೇಡ. 60 ರೂಪಾಯಿಯ ಜೋಳ ಉಳಿಸಲು ಹೋಗಿ ಹತ್ತು ಚೀಲ ಕಳೆದುಕೊಳ್ಳಬಾರದು.

ಈಗ ಹುಲ್ಲು ಮತ್ತು ನೀರು. ನಿಮ್ಮ ಪತ್ರದಲ್ಲಿ ನನಗೆ ಬಹಳ ಉಪಯೋಗವಾದ ಮಾತು ಚೀಲದ ತೂಕ. ಬಹಳ ಜನ ಅದನ್ನು ಬರೆಯುವುದೇ ಇಲ್ಲ. 80 ಕೆಜಿಗೆ 40 ಚೀಲ ಅಂದರೆ ಚೀಲಕ್ಕೆ 2 ಕೆಜಿ ಒಣಹುಲ್ಲು. ಒಣಹುಲ್ಲು ಅಂದರೂ ಅದರಲ್ಲಿ ನೂರಕ್ಕೆ ಹತ್ತರಷ್ಟು ತೇವ ಇದ್ದೇ ಇರುತ್ತದೆ. ಹಾಗಾದರೆ ನಿಜವಾದ ಹುಲ್ಲು 1.8 ಕೆಜಿ. ಚೀಲ 7 ಕೆಜಿ ತೂಗಿದರೆ ಉಳಿದ 5 ಕೆಜಿಗೂ ಜಾಸ್ತಿ ನೀರೇ. ಅಂದರೆ ನೂರಕ್ಕೆ ಸುಮಾರು 74 ಭಾಗ. ಅಣಬೆಗೆ ಬೇಕಾದ್ದು 60ರಿಂದ 65, ತೀರಾ ಅಂದರೆ 70. ನಿಮ್ಮ ಚೀಲ 5 ಕೆಜಿ ಚಿಲ್ಲರೆ ತೂಗಬೇಕಿತ್ತು, 6 ದಾಟಲೇಬಾರದಿತ್ತು. ಹುಲ್ಲಿನ ಸಂದಿಗಳಲ್ಲಿ ಗಾಳಿ ಇರಬೇಕಾದ ಜಾಗದಲ್ಲಿ ನೀರು ಕೂತಿದೆ. ಅಣಬೆಯ ಎಳೆಗೆ ಉಸಿರು ಸಾಲದೆ ನಿಧಾನವಾಯಿತು, ತಳದಲ್ಲಿ ಬ್ಯಾಕ್ಟೀರಿಯಾ ಹುಳಿ ಮಾಡಿತು, ಹಸಿರು ಆ ಜಾಗ ಹಿಡಿಯಿತು.

ಹಿಂಡಿ ನೋಡುವ ಪರೀಕ್ಷೆ ನಿಮಗೆ ಗೊತ್ತಿರುತ್ತದೆ. ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಆಗಬಾರದು. ಆದರೆ ಒಬ್ಬೊಬ್ಬರ ಮುಷ್ಟಿ ಒಂದೊಂದು ಥರ. ತಕ್ಕಡಿ ಇದ್ದರೆ ತೂಗಿಬಿಡಿ. 10 ಕೆಜಿ ಒಣಹುಲ್ಲು ನೆನೆದು, ಬೆಂದು, ಸೋರಿದ ಮೇಲೆ 26ರಿಂದ 28 ಕೆಜಿ ಇರಬೇಕು. 30 ದಾಟಿದರೆ ಇನ್ನೂ ಆರಲು ಬಿಡಿ.

ಬೇಯಿಸುವುದರಲ್ಲೂ ಒಂದು ತಿದ್ದುಪಡಿ ಇದೆ. ನೀವು ಕುದಿಯುವ ನೀರಲ್ಲಿ ಅರ್ಧ ಗಂಟೆ ಅಂದಿರಿ. ನನಗೆ ಅದಕ್ಕಿಂತ 80 ಡಿಗ್ರಿಯಲ್ಲಿ ಒಂದು ಗಂಟೆ ಇಷ್ಟ. ಹುಲ್ಲನ್ನು ಪೂರ್ತಿ ಬರಡು ಮಾಡುವುದು ನಮ್ಮ ಗುರಿಯಲ್ಲ. ಬೂಸ್ಟಿನ ಬೀಜಕಣ, ನುಸಿಯ ಮೊಟ್ಟೆ ಸಾಯಬೇಕು, ಬಿಸಿ ತಡೆಯುವ ಕೆಲವು ಬ್ಯಾಕ್ಟೀರಿಯಾ ಉಳಿದರೆ ಒಳ್ಳೆಯದೇ. ಅವು ಜಾಗ ಹಿಡಿದುಕೊಂಡು ಹಸಿರಿಗೆ ಬಾಗಿಲು ಬಿಡುವುದಿಲ್ಲ, ಅಣಬೆಗೆ ತೊಂದರೆಯನ್ನೂ ಕೊಡುವುದಿಲ್ಲ. ಗಳಗಳ ಕುದಿಸಿ ಮೆತ್ತಗೆ ಮಾಡಿದ ಹುಲ್ಲಿನಲ್ಲಿ ಸಕ್ಕರೆಯಂಥ ಅಂಶಗಳೂ ಹೊರಬರುತ್ತವೆ. ಅವನ್ನು ಮೊದಲು ತಿನ್ನುವುದು ಹಸಿರು ಬೂಸ್ಟೇ.

ಆದರೆ 80 ಡಿಗ್ರಿ ಎಲ್ಲಿ ಅಳೆದದ್ದು ಅನ್ನುವುದು ಮುಖ್ಯ. ದಾವಣಗೆರೆ ಕಡೆ ಒಬ್ಬರ ಮನೆಗೆ ಹೋಗಿದ್ದೆ. ಅವರ ಡ್ರಮ್ಮಿನ ನೀರಿನಲ್ಲಿ ಥರ್ಮಾಮೀಟರ್ 82 ತೋರಿಸುತ್ತಿತ್ತು. ಆದರೂ ಚೀಲದ ನಡುವಲ್ಲೆಲ್ಲ ಹಸಿರು. ಗೋಣಿಚೀಲಕ್ಕೆ ಹುಲ್ಲನ್ನು ಕಾಲಲ್ಲಿ ತುಳಿದು ತುಂಬಿದ್ದರು. ಕೋಲಿಗೆ ಕಟ್ಟಿ ಥರ್ಮಾಮೀಟರನ್ನು ಗೋಣಿಯ ಹೊಟ್ಟೆಯೊಳಗೆ ತೂರಿಸಿ ನೋಡಿದರೆ 54. ಹೊರಗಿನ ಹುಲ್ಲು ಬೆಂದಿದೆ, ಒಳಗಿನದಕ್ಕೆ ಬಿಸಿನೀರಿನ ಸ್ನಾನ ಆಗಿದೆ ಅಷ್ಟೆ. ಗೋಣಿ ಸಡಿಲ ತುಂಬಿದ್ದೇ ಆಯಿತು, ಬೇರೇನೂ ಬದಲಿಸಲಿಲ್ಲ, ಮುಂದಿನ ಸಲ ತೊಂದರೆ ಬರಲಿಲ್ಲ. 200 ಲೀಟರ್ ಡ್ರಮ್ಮಿಗೆ ಒಂದು ಸಲಕ್ಕೆ 12 ಕೆಜಿ ಒಣಹುಲ್ಲಿಗಿಂತ ಜಾಸ್ತಿ ಹಾಕಬೇಡಿ. ಗೋಣಿಯ ನಡುವೆ 80 ಮುಟ್ಟಿದ ಮೇಲೆ ಗಡಿಯಾರ ನೋಡಿ.

ನೀವು 80 ಕೆಜಿಯನ್ನು ಒಂದೇ ಡ್ರಮ್ಮಿನಲ್ಲಿ ಬೇಯಿಸಿದ್ದರೆ ಏಳು ಸಲ ಒಲೆ ಹಾಕಬೇಕು. ಒಂದು ದಿನದಲ್ಲಿ ಆಗುವ ಕೆಲಸ ಅಲ್ಲ. ಸಂಜೆ ಹೊತ್ತಿಗೆ ಆತುರ ಬಂದು ಸಮಯ ಕಮ್ಮಿ ಮಾಡಿರುತ್ತೀರಿ, ಸೋರಲೂ ಬಿಟ್ಟಿರುವುದಿಲ್ಲ. ದಿನಕ್ಕೆ ಎರಡೇ ಸಲ ಬೇಯಿಸಿ. 24 ಕೆಜಿ ಹುಲ್ಲು, 12 ಚೀಲ. ಅಷ್ಟು ಸಾಕು.

ಹುಲ್ಲಿನ ಆಯ್ಕೆ ಬಗ್ಗೆ ಒಂದು ಮಾತು. ಭದ್ರಾ ನಾಲೆ ಕಡೆ ಬೇಸಿಗೆ ಬೆಳೆಯ ಕೊಯ್ಲಿಗೆ ಮುಂಗಾರು ಪೂರ್ವದ ಮಳೆ ಸಿಗುವುದುಂಟು. ಮಳೆಗೆ ನೆನೆದು ಒಣಗಿದ ಹುಲ್ಲು ದನಕ್ಕೆ ನಡೆದೀತು, ಅಣಬೆಗೆ ಬೇಡ. ಗೆಣ್ಣು ಕಪ್ಪಾಗಿದ್ದರೆ, ಕೊಡವಿದಾಗ ಮುಗ್ಗಲು ವಾಸನೆಯ ದೂಳು ಎದ್ದರೆ ಅಲ್ಲಿ ಬೂಸ್ಟು ಆಗಲೇ ಒಂದು ಬೆಳೆ ತೆಗೆದಿದೆ. ಹೊಂಬಣ್ಣದ, ಈ ವರ್ಷದ ಹುಲ್ಲು ನೋಡಿ. ಒಂದೂವರೆ ಎರಡು ಇಂಚಿಗೆ ಕತ್ತರಿಸಿ ಎಂಟು ಗಂಟೆ ನೆನೆಸಿ, ಆಮೇಲೆ ಬೇಯಿಸಿ.

ಸೌದೆ ತೊಂದರೆ ಇರುವವರು ಸುಣ್ಣದ ನೀರಿನಲ್ಲಿ ನೆನೆಸುತ್ತಾರೆ. ಲೀಟರಿಗೆ 10ರಿಂದ 15 ಗ್ರಾಂ ಅರಳಿದ ಸುಣ್ಣದ ಪುಡಿ, 16 ಗಂಟೆ, ಹುಲ್ಲು ಪೂರ್ತಿ ಮುಳುಗಿರಬೇಕು. ಆ ಕ್ಷಾರಕ್ಕೆ ಬಹಳಷ್ಟು ಬೂಸ್ಟು ಸಾಯುತ್ತದೆ. ಹಸಿರಿಗಿಂತ ಚಿಪ್ಪು ಅಣಬೆ ಕ್ಷಾರವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಗೋಡೆಗೆ ಬಳಿಯುವ ಸುಣ್ಣ ಆಗುತ್ತದೆ, ತೋಟಕ್ಕೆ ಹಾಕುವ ಡೋಲೊಮೈಟ್ ಆಗುವುದಿಲ್ಲ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಕೈಪಿಡಿಗಳಲ್ಲಿ 100 ಲೀಟರ್ ನೀರಿಗೆ 125 ಮಿಲಿ ಫಾರ್ಮಾಲಿನ್, 7.5 ಗ್ರಾಂ ಬಾವಿಸ್ಟಿನ್ ಎಂಬ ಲೆಕ್ಕವೂ ಇದೆ. ಅದು ಕೆಲಸ ಮಾಡುತ್ತದೆ. ಆದರೆ ಮನೆಗೆ ಅಂಟಿದ ಕೋಣೆಯಲ್ಲಿ, ಮಕ್ಕಳು ಓಡಾಡುವ ಕಡೆ ಫಾರ್ಮಾಲಿನ್ ಇಡಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಅದರ ಹಬೆ ಕಣ್ಣು, ಗಂಟಲು ಸುಡುತ್ತದೆ, ಕ್ಯಾನ್ಸರಿಗೂ ಕಾರಣವಾಗುವ ವಸ್ತು. ನಿಮ್ಮ ಹತ್ತಿರ ಡ್ರಮ್ ಇದೆ, ಬಿಸಿನೀರೇ ಸಾಕು.

ತುಂಬುವಾಗ ಚೀಲಕ್ಕೆ 100 ಗ್ರಾಂ ಬೀಜ ಕಮ್ಮಿ. ಹಸಿ ತೂಕದ ನೂರಕ್ಕೆ ಮೂರರಷ್ಟು ಲೆಕ್ಕ ಹಿಡಿಯಿರಿ, 5 ಕೆಜಿ ಚೀಲಕ್ಕೆ 150 ಗ್ರಾಂ. ಬೀಜ ಜಾಸ್ತಿ ಇದ್ದಷ್ಟೂ ಹುಲ್ಲು ಬೇಗ ಬೆಳ್ಳಗಾಗುತ್ತದೆ, ಹಸಿರಿಗೆ ಸಿಗುವ ದಿನಗಳು ಕಮ್ಮಿಯಾಗುತ್ತವೆ. ಹುಲ್ಲು ಕೈಗೆ ತಣ್ಣಗೆ ಅನ್ನಿಸಿದ ಮೇಲೆ ಹಾಕಿ. ಎರಡು ಮೂರು ಇಂಚು ಹುಲ್ಲು, ಅಂಚಿನ ಸುತ್ತ ಬೀಜ, ಮತ್ತೆ ಹುಲ್ಲು, ಹೀಗೆ ಐದು ಪದರ. ತಳದ ಎರಡೂ ಮೂಲೆಯಲ್ಲಿ ಒಂದೊಂದು ತೂತು ಇರಲಿ, ನೀರು ಇಳಿದು ಹೋಗಲಿ.

ಈಗ ಕೋಣೆ. ನಿಮ್ಮ ಚೀಲದ ತೂತುಗಳ ಹತ್ತಿರ ಹಸಿರಿಲ್ಲ ಅಂದೆ, ಅಂದರೆ ಕೋಣೆ ಇನ್ನೂ ಕೆಟ್ಟಿಲ್ಲ. ಆದರೆ ಫೋಟೊದ ಹಿಂದೆ ಎರಡು ಸಂಗತಿ ಕಂಡವು. ಕೋಣೆಯ ಬಾಗಿಲ ಮುಂದೆಯೇ ಹುಲ್ಲು ಕತ್ತರಿಸುವ ಯಂತ್ರ ಇದೆ. ಒಣಹುಲ್ಲಿನ ದೂಳೇ ಬೂಸ್ಟಿನ ಬೀಜ. ಅದನ್ನು ಮನೆಯ ಆ ಕಡೆ ಬದಿಗೆ, ಗಾಳಿ ಕೋಣೆಯ ಕಡೆ ಬೀಸದ ಜಾಗಕ್ಕೆ ಸಾಗಿಸಿ. ಕತ್ತರಿಸಿದ ದಿನ ಸ್ನಾನ ಮಾಡಿ ಬಟ್ಟೆ ಬದಲಿಸದೆ ಚೀಲ ತುಂಬಬೇಡಿ. ಇನ್ನೊಂದು, ಅಣಬೆ ಬಿಡುತ್ತಿರುವ ಹಳೇ ಚೀಲಗಳ ಪಕ್ಕದಲ್ಲೇ ಹೊಸ ಚೀಲ ನೇತು ಹಾಕಿದ್ದೀರಿ. ಹಳೆಯದು ಕೊನೆಗೆ ಹಸಿರಾಗುವುದು ಸಹಜ, ಹೊಸದಕ್ಕೆ ಅದೇ ಸೋಂಕು. ಕೋಣೆಯ ನಡುವೆ ಪ್ಲಾಸ್ಟಿಕ್ ಪರದೆ ಇಳಿಬಿಡಿ. ಒಂದು ಕಡೆ ಬೆಳ್ಳಗಾಗುವ ಚೀಲ, ಇನ್ನೊಂದು ಕಡೆ ಕೊಯ್ಲಿನ ಚೀಲ. ಬೆಳಿಗ್ಗೆ ಮೊದಲು ಹೊಸದನ್ನು ನೋಡಿ, ಆಮೇಲೆ ಕೊಯ್ಲಿನ ಕಡೆ ಹೋಗಿ. ಹಿಂದಕ್ಕೆ ಬರಬೇಡಿ.

ಹಸಿರಾದ ಚೀಲವನ್ನು ಕೋಣೆಯೊಳಗೆ ಬಿಚ್ಚಬಾರದು, ಕೆಟ್ಟ ಭಾಗ ಕತ್ತರಿಸಲೂ ಬಾರದು. ಇನ್ನೊಂದು ದೊಡ್ಡ ಕವರ್ ಮೇಲಿಂದ ಇಳಿಸಿ, ಬಾಯಿ ಕಟ್ಟಿ, ಅಲುಗಿಸದೆ ಹೊರಗೆ ಒಯ್ದು ದೂರದಲ್ಲಿ ಹೂಳಿ. ನಿಮ್ಮ 17 ಚೀಲವನ್ನೂ ಇವತ್ತೇ ಹಾಗೆ ಮಾಡಿ. ಚೀಲ ಪೂರ್ತಿ ಬೆಳ್ಳಗಾದ ಮೇಲೆ ಎಲ್ಲೋ ಒಂದು ರೂಪಾಯಿ ನಾಣ್ಯದಷ್ಟು ಹಸಿರು ಬಂದರೆ ಅದರ ಮೇಲೆ ಸುಣ್ಣದ ಗಟ್ಟಿ ಹಿಟ್ಟು ಮೆತ್ತಿ ನೋಡಬಹುದು. ಬೆಳೆ ತೆಗೆಯುವ ತನಕ ನಿಂತರೆ ನಿಮ್ಮ ಅದೃಷ್ಟ.

ಶೀಟಿನ ಕೋಣೆ ಅಂದಿರಿ. ಬಿಳಿ ಎಳೆ ಹಬ್ಬುವಾಗ ಚೀಲದ ನಡುಭಾಗ ಕೋಣೆಗಿಂತ ಮೂರು ನಾಲ್ಕು ಡಿಗ್ರಿ ಬಿಸಿ ಇರುತ್ತದೆ. ಕೋಣೆ 32 ಇದ್ದರೆ ಒಳಗೆ 35 ದಾಟಿತು. ಆ ಬಿಸಿಗೆ ಅಣಬೆ ಮಂಕಾಗುತ್ತದೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಚೀಲಗಳ ನಡುವೆ ಅರ್ಧ ಅಡಿ ಜಾಗ ಬಿಡಿ. ಮಾರ್ಚ್ ಕೊನೆಯಿಂದ ಮೇ ತನಕ ಫ್ಲೋರಿಡಾ ಎಂಬ ಬಿಳಿ ಚಿಪ್ಪು ಅಣಬೆ ಬಿಟ್ಟು ಬಿಸಿ ತಡೆಯುವ ಗುಲಾಬಿ ಜಾತಿ ಹಾಕುವುದು ಒಳ್ಳೆಯದು.

ನುಸಿ ತನ್ನ ಕಾಲಲ್ಲಿ ಬೂಸ್ಟು ಹೊತ್ತು ತರುತ್ತದೆ. ಕಿಟಕಿಗೆ ಸೊಳ್ಳೆ ಪರದೆಗಿಂತ ಸಣ್ಣ ಕಣ್ಣಿನ ನೈಲಾನ್ ಬಲೆ ಹೊಡೆಯಿರಿ. ಒಂದು ಸಣ್ಣ ಬಲ್ಬಿನ ಪಕ್ಕ ಹರಳೆಣ್ಣೆ ಸವರಿದ ಹಳದಿ ಕಾಗದ ತೂಗುಹಾಕಿ. ಬಲೆ ಇದೆ ಅಂತ ಗಾಳಿ ಕಟ್ಟಬೇಡಿ. ದಂಟು ಉದ್ದವಾಗಿ ಟೋಪಿ ಚಿಕ್ಕದಾಗಿ ಬಂದರೆ ಗಾಳಿ ಸಾಲದು ಎಂದು ಅರ್ಥ. ನೀರನ್ನು ಗೋಡೆಗೆ, ನೆಲಕ್ಕೆ, ಗೋಣಿ ಪರದೆಗೆ ಹೊಡೆಯಿರಿ. ಅಣಬೆಯ ಮೇಲೇ ನಿಂತರೆ ಹಳದಿ ಚುಕ್ಕೆ ಬಿದ್ದು ಕೊಳೆಯುತ್ತದೆ, ಅದು ಬ್ಯಾಕ್ಟೀರಿಯಾ ಕೆಲಸ. ಟೋಪಿಯ ಅಂಚು ಮೇಲಕ್ಕೆ ಮಡಚುವ ಮೊದಲೇ ಕೊಯ್ಯಿರಿ. ತಡ ಮಾಡಿದರೆ ಅದು ಬಿಡುವ ಬಿಳಿ ಪುಡಿ ನಿಮ್ಮ ಎದೆಗೆ ಹೋಗಿ ಕೆಮ್ಮು ಬರುತ್ತದೆ. ಒಳಗೆ ಹೋಗುವಾಗ ಮಾಸ್ಕ್ ಹಾಕಿಕೊಳ್ಳಿ.

ಔಷಧಿ ಕೇಳಿದಿರಲ್ಲ. ಈಗಿರುವ 23 ಚೀಲದ ಕೊಯ್ಲು ಮುಗಿದ ಮೇಲೆ ಕೋಣೆ ಪೂರ್ತಿ ಖಾಲಿ ಮಾಡಿ. ಗೋಡೆ, ನೆಲ, ಹಗ್ಗ, ಗೋಣಿ ಎಲ್ಲ ತೊಳೆದು, ಬ್ಲೀಚಿಂಗ್ ಪುಡಿ ನೀರು ಹೊಡೆದು, ಆರಿದ ಮೇಲೆ ಸುಣ್ಣ ಬಳಿಯಿರಿ. ಒಂದು ವಾರ ಬಾಗಿಲು ಕಿಟಕಿ ತೆರೆದು ಒಣಗಲು ಬಿಡಿ. ಬ್ಲೀಚಿಂಗ್ ಪುಡಿಗೆ ಆ್ಯಸಿಡ್ ಏನೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ಇಷ್ಟೇ ಔಷಧಿ.

ಮುಂದಿನ ಸಲ 40 ಚೀಲ ಬೇಡ, 12 ಹಾಕಿ. ಒಂದೇ ದಿನದ ಹುಲ್ಲು, ಪ್ರತಿ ಚೀಲವನ್ನೂ ತೂಗಿ. ಆರಕ್ಕೆ ತಾಜಾ ಕೊಂಡ ಬೀಜ, ಆರಕ್ಕೆ ನಿಮ್ಮ ಕೈಯಿಂದ ಮಾಡಿದ್ದು, ಚೀಲದ ಮೇಲೆ ಗುರುತು ಬರೆಯಿರಿ. ನಿಮ್ಮ ಬೀಜದವು ಮಾತ್ರ ಹಸಿರಾದರೆ ಕುಕ್ಕರಿನ ಕೆಲಸ ಇನ್ನೂ ತಿದ್ದಬೇಕು. ಎರಡೂ ಕಡೆ ಬಂದರೆ ಹುಲ್ಲಿನ ಡ್ರಮ್ಮಿನ ಹತ್ತಿರ ಹೋಗೋಣ. ಐದನೇ ದಿನ, ಹತ್ತನೇ ದಿನ, ಹದಿನೈದನೇ ದಿನ ಫೋಟೊ ತೆಗೆದು ಕಳಿಸಿ. ಚೀಲವನ್ನು ಮಗುಚಿ ತಳದ್ದೂ ಒಂದು ತೆಗೆಯಿರಿ.